ಹುಲಿಯ ಲೆಕ್ಕ ಮತ್ತು ವಾಕ್ಯದ ನಕಲು

ಹುಲಿ ಸಂರಕ್ಷಣೆಯ ಬಗ್ಗೆ ಪ್ರಾಜೆಕ್ಟ್ ಮಾಡಲು ಹೊರಟ ಹತ್ತನೇ ತರಗತಿಯವರಿಗೆ ಕೊಡಬಹುದಾದ ಒಂದು ಒಳ್ಳೆಯ ಸಂಶೋಧನಾ ಲೇಖನವಿದೆ. ಕೆ. ಉಲ್ಲಾಸ ಕಾರಂತ, ಎನ್. ಸಾಂಬ ಕುಮಾರ್ ಮತ್ತು ಅಮೆರಿಕದ ಮೂವರು ವಿಜ್ಞಾನಿಗಳು ಸೇರಿ ಬರೆದ ಆ ಲೇಖನ 2004ರಲ್ಲಿ ಅಮೆರಿಕದ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಕಾಡಿನಲ್ಲಿ ಜಿಂಕೆ, ಕಡವೆ, ಕಾಟಿಗಳು ಎಷ್ಟಿವೆ ಎಂದು ಗೊತ್ತಿದ್ದರೆ ಅಲ್ಲಿ ಎಷ್ಟು ಹುಲಿಗಳು ಇರಬಹುದೆಂದು ಹೇಳಲು ಸಾಧ್ಯವೇ ಎಂಬುದು ಅದರ ಪ್ರಶ್ನೆ. ಅಚ್ಚಿನಲ್ಲಿ ಐದೇ ಪುಟ. ಆದರೆ ಇಂಗ್ಲಿಷು, ಸಣ್ಣ ಅಕ್ಷರ, ನಡುವೆ ಸಂಖ್ಯಾಶಾಸ್ತ್ರ. ಹದಿನೈದರ ಹರೆಯದವರಿಗೆ ಅದು ಐವತ್ತು ಪುಟದಷ್ಟು ಉದ್ದ ಕಾಣುತ್ತದೆ.

ಇಂಥ ಲೇಖನ ಕೈಗೆ ಬಂದಾಗ ವಿದ್ಯಾರ್ಥಿ ಮಾಡುವ ಕೆಲಸ ಬಹುತೇಕ ಒಂದೇ. ಲೇಖನದ ತಲೆಯಲ್ಲಿ ಲೇಖಕರೇ ಬರೆದ ಸಾರಾಂಶದ ಪ್ಯಾರಾ ಇರುತ್ತದೆ. ಅದರ ಮೊದಲ ವಾಕ್ಯ ಓದಿ, ಕನ್ನಡ ಮಾಡಿ, ಒಂದೆರಡು ಪದ ಬದಲಿಸಿ ಬರೆಯುವುದು. ಆಮೇಲೆ ಎರಡನೆಯದು, ಮೂರನೆಯದು. ಭಾಷೆ ಬದಲಾಗಿರುವುದರಿಂದ ಇದು ನಕಲು ಎಂದು ವಿದ್ಯಾರ್ಥಿಗೂ ಅನಿಸುವುದಿಲ್ಲ, ಪೋಷಕರಿಗೂ ಅನಿಸುವುದಿಲ್ಲ. ವಾಕ್ಯಗಳ ಸಾಲು, ಅವುಗಳ ಒಳಗಟ್ಟು, ಯಾವುದಕ್ಕೆ ಎಷ್ಟು ಒತ್ತು ಎಂಬ ತೀರ್ಮಾನ ಎಲ್ಲವೂ ಮೂಲದ್ದೇ ಆಗಿರುವಾಗ ಅದನ್ನು ನಕಲಿನಿಂದ ಬೇರೆ ಮಾಡುವುದು ಕಷ್ಟ.

ಅಮೆರಿಕದಲ್ಲಿ ರೆಬೆಕಾ ಮೂರ್ ಹವರ್ಡ್ ಎಂಬ ಬರವಣಿಗೆಯ ಪ್ರಾಧ್ಯಾಪಕಿ ಇದನ್ನು ಬಹಳ ಕಾಲ ಅಧ್ಯಯನ ಮಾಡಿದ್ದಾರೆ. ಮೂಲದ ವಾಕ್ಯವನ್ನು ಇಟ್ಟುಕೊಂಡು ಅಲ್ಲಲ್ಲಿ ಪದ ಬದಲಿಸುವುದನ್ನು ಅವರು ತೇಪೆ ಬರಹ ಎಂಬರ್ಥದ ಹೆಸರಿನಿಂದ ಕರೆದರು. ಅವರೂ ಸಹೋದ್ಯೋಗಿಗಳೂ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 18 ಕಾಲೇಜು ಪ್ರಬಂಧಗಳನ್ನು ಅವುಗಳ ಮೂಲಗಳ ಜೊತೆ ಇಟ್ಟು ನೋಡಿದರು. ವಾಕ್ಯವೊಂದನ್ನು ತಿರುಗಿಸಿ ಬರೆದದ್ದು ಬೇಕಾದಷ್ಟು ಸಿಕ್ಕಿತು. ಒಂದು ಮೂಲವನ್ನು ಇಡಿಯಾಗಿ ಗ್ರಹಿಸಿ ಸಂಗ್ರಹಿಸಿದ್ದು ಒಂದರಲ್ಲೂ ಸಿಗಲಿಲ್ಲ. ವಿದ್ಯಾರ್ಥಿಗಳು ಲೇಖನದಿಂದ ಬರೆಯುತ್ತಿರಲಿಲ್ಲ, ವಾಕ್ಯಗಳಿಂದ ಬರೆಯುತ್ತಿದ್ದರು. ಹವರ್ಡ್ ಇದನ್ನು ಬರೀ ಮೋಸವೆಂದು ನೋಡದೆ, ಅರ್ಥವಾಗದ ಬರಹದ ಎದುರು ಕಲಿಯುವವರು ಹಿಡಿಯುವ ದಾರಿ ಎಂದು ನೋಡಿದರು. ಈ ನೋಟ ಸರಿಯಾದದ್ದು. ‘ನಿನ್ನದೇ ಮಾತಿನಲ್ಲಿ ಬರಿ’ ಎಂಬ ತರಗತಿಯ ಸಲಹೆ ಸೋಲುವುದೂ ಇದೇ ಕಾರಣಕ್ಕೆ: ಮಗು ತನ್ನ ಮಾತು ತರಬೇಕಾದರೆ ಮೊದಲು ವಿಷಯ ಅದರದ್ದಾಗಿರಬೇಕು.

ಹುಲಿಯ ಲೇಖನದಲ್ಲೇ ನೋಡಬಹುದು. ತೇಪೆ ಹಾಕಿದ ಸಂಗ್ರಹದಲ್ಲಿ ಹೀಗೊಂದು ಸಾಲು ಖಂಡಿತ ಇರುತ್ತದೆ: ಬೇಟೆಪ್ರಾಣಿಗಳ ಸಾಂದ್ರತೆ 5.3ರಿಂದ 63.8ರವರೆಗೆ, ಹುಲಿಗಳ ಸಾಂದ್ರತೆ 3.2ರಿಂದ 16.8ರವರೆಗೆ ಇತ್ತು. ಅಂಕಿಗಳು ಮೂಲದಲ್ಲಿದ್ದಂತೆಯೇ ಇವೆ. ಆದರೆ ಮೊದಲ ಜೋಡಿ ಒಂದು ಚದರ ಕಿಲೋಮೀಟರಿಗೆ, ಎರಡನೆಯದು ನೂರು ಚದರ ಕಿಲೋಮೀಟರಿಗೆ ಹೇಳಿದ್ದು. ಅಳತೆ ಕೈಬಿಟ್ಟರೆ, ನಾಲ್ಕು ಜಿಂಕೆಗೊಂದು ಹುಲಿ ಎಂಬಂಥ ಅಸಂಗತ ಚಿತ್ರ ಮೂಡುತ್ತದೆ. ಇನ್ನೊಂದು ತಪ್ಪು ಇನ್ನೂ ಸೂಕ್ಷ್ಮ: 5.3 ಇದ್ದ ಕಾಡಿನಲ್ಲೇ 3.2, 63.8 ಇದ್ದಲ್ಲೇ 16.8 ಎಂದು ಓದುಗ ಜೋಡಿಸಿಕೊಳ್ಳುತ್ತಾನೆ. ಲೇಖನದ ಸಾರಾಂಶ ಹಾಗೆ ಹೇಳುವುದಿಲ್ಲ. ಅವು ಹನ್ನೊಂದು ತಾಣಗಳಲ್ಲಿ ಕಂಡ ಅತಿ ಕಡಿಮೆ ಮತ್ತು ಅತಿ ಹೆಚ್ಚು ಬೆಲೆಗಳು, ಅಷ್ಟೇ. ಯಾವ ತಾಣದಲ್ಲಿ ಯಾವುದು ಎಂಬುದಕ್ಕೆ ಒಳಗಿನ ಕೋಷ್ಟಕವನ್ನೇ ನೋಡಬೇಕು.

ಹಾಗಾದರೆ ಎಲ್ಲಿಂದ ಶುರುಮಾಡಬೇಕು? ಸಾರಾಂಶದ ಪ್ಯಾರಾವನ್ನು ಒಮ್ಮೆ ಓದಿ ಬದಿಗಿಟ್ಟು, ಲೆಕ್ಕಕ್ಕೆ ಕೈ ಹಾಕುವುದೇ ಉತ್ತಮ. ಈ ಲೇಖನದ ಬೆನ್ನೆಲುಬು ಎರಡೇ ಅಂಕಿಗಳ ಮೇಲೆ ನಿಂತಿದೆ. ಒಂದು ಹುಲಿ ವರ್ಷಕ್ಕೆ ಸುಮಾರು 50 ಗೊರಸಿನ ಪ್ರಾಣಿಗಳನ್ನು ಕೊಲ್ಲುತ್ತದೆ. ಕಾಡಿನ ಒಟ್ಟು ಬೇಟೆಪ್ರಾಣಿಗಳಲ್ಲಿ ಹುಲಿಗಳ ಪಾಲು ವರ್ಷಕ್ಕೆ ಸುಮಾರು ಶೇ 10. ಇವೆರಡನ್ನೂ ಕಾಗದದ ಮೇಲಿಟ್ಟು ವಿದ್ಯಾರ್ಥಿಯೇ ಪೆನ್ಸಿಲ್ ಹಿಡಿಯಲಿ. ಚದರ ಕಿಲೋಮೀಟರಿಗೆ 20 ಪ್ರಾಣಿಗಳಿರುವ ಕಾಡಿನ ನೂರು ಚದರ ಕಿಲೋಮೀಟರಿನಲ್ಲಿ 2,000 ಪ್ರಾಣಿಗಳು. ಹುಲಿಗಳ ಪಾಲು 200. ತಲೆಗೆ ಐವತ್ತರಂತೆ ನಾಲ್ಕು ಹುಲಿಗಳಿಗೆ ಸಾಕು. ಒಂದು ಹುಲಿಯ ಹಿಂದೆ 500 ಪ್ರಾಣಿಗಳು ನಿಂತಿರಬೇಕು ಎಂಬುದು ಹೀಗೆ ಕೈಯಾರೆ ಹೊರಬಿದ್ದಾಗ, ಅದನ್ನು ಬರೆಯಲು ಯಾರ ವಾಕ್ಯವನ್ನೂ ಎರವಲು ತರಬೇಕಾಗಿಲ್ಲ.

ಆಮೇಲಿನದು ವಿಧಾನ. 1995ರಿಂದ 2003ರವರೆಗೆ ನಾಗರಹೊಳೆ, ಕಾನ್ಹಾ, ಕಾಜಿರಂಗ ಸೇರಿ ಹನ್ನೊಂದು ತಾಣಗಳಲ್ಲಿ ಈ ಲೆಕ್ಕವನ್ನು ಪರೀಕ್ಷಿಸಿದರು. ಹುಲಿಗಳ ಎಣಿಕೆಗೆ ಕ್ಯಾಮೆರಾ ಟ್ರ್ಯಾಪ್: ಪ್ರತಿ ಹುಲಿಯ ಪಟ್ಟೆಯೂ ಬೇರೆಯಾದ್ದರಿಂದ, ಸಿಕ್ಕ ಹುಲಿ ಮತ್ತೆ ಎಷ್ಟು ಸಲ ಸಿಕ್ಕಿತು ಎಂಬುದರಿಂದ ಕಣ್ಣಿಗೆ ಬೀಳದವುಗಳನ್ನೂ ಸೇರಿಸಿ ಅಂದಾಜು ಮಾಡಬಹುದು. ಬೇಟೆಪ್ರಾಣಿಗಳಿಗೆ ನೇರ ಗೆರೆಯಂಥ ದಾರಿಯಲ್ಲಿ ನಡೆದು, ಕಂಡ ಪ್ರಾಣಿ ಎಷ್ಟು ದೂರದಲ್ಲಿತ್ತು ಎಂದು ಬರೆದುಕೊಳ್ಳುವ ಕ್ರಮ. ದೂರ ಹೆಚ್ಚಿದಂತೆ ಕಾಣುವುದು ಕಡಿಮೆಯಾಗುತ್ತದೆ. ಆ ಇಳಿಕೆಯಿಂದಲೇ ಕಾಣದೆ ಹೋದವುಗಳ ಲೆಕ್ಕ ಸಿಗುತ್ತದೆ. ಎರಡೂ ಕಡೆ ತೊಡಕು ಒಂದೇ, ಕಾಣದ ಪ್ರಾಣಿಯನ್ನು ಎಣಿಸುವುದು ಹೇಗೆ ಎಂಬುದು. ಇದನ್ನು ಗುರುತಿಸಿದ ವಿದ್ಯಾರ್ಥಿ ಎರಡು ವಿಧಾನಗಳನ್ನೂ ಒಂದೇ ಪ್ಯಾರಾದಲ್ಲಿ ತರುತ್ತಾನೆ. ಮೂಲದ ಕ್ರಮ ಅಲ್ಲಿಗೆ ತಾನಾಗಿ ಕಳಚಿಕೊಳ್ಳುತ್ತದೆ.

ಲೇಖನ ಮುಚ್ಚಿಟ್ಟು, ಟಿಪ್ಪಣಿಯ ಅಂಕಿಗಳನ್ನಷ್ಟೇ ಎದುರಿಟ್ಟುಕೊಂಡು ಬರೆದರೆ ಸಂಗ್ರಹ ಹೀಗೆ ಬರಬಹುದು:

“ಹುಲಿಗಳು ಎಷ್ಟಿರಬಹುದು ಎಂಬುದನ್ನು ಅವುಗಳ ಆಹಾರವೇ ಹೇಳಬಲ್ಲದೇ? ಒಂದು ಹುಲಿಗೆ ಸುಮಾರು 500 ಬೇಟೆಪ್ರಾಣಿಗಳ ಆಸರೆ ಬೇಕೆಂಬ ಲೆಕ್ಕದಿಂದ ಉಲ್ಲಾಸ ಕಾರಂತ ಮತ್ತು ಸಂಗಡಿಗರು ಹೊರಟರು. ಭಾರತದ ಹನ್ನೊಂದು ಕಾಡುಗಳಲ್ಲಿ ಕ್ಯಾಮೆರಾ ಮತ್ತು ಕಾಲ್ನಡಿಗೆಯ ಸಮೀಕ್ಷೆ ನಡೆಸಿದಾಗ, ಅಂದಾಜು ಮಾಡಿದ ಹುಲಿ ಸಾಂದ್ರತೆ ಈ ಲೆಕ್ಕಕ್ಕೆ ತಕ್ಕಮಟ್ಟಿಗೆ ಹೊಂದಿತು.”

‘ತಕ್ಕಮಟ್ಟಿಗೆ’, ‘ಅಂದಾಜು’ ಎಂಬ ಎರಡು ಪದಗಳನ್ನು ಅಲ್ಲಿಂದ ಕೀಳಬಾರದು. ಲೇಖಕರು ತಮ್ಮ ಮಾದರಿ ಕರಾರುವಾಕ್ಕಾಗಿ ಹೊಂದಿತು ಎಂದಿಲ್ಲ. ನಕಲಿನಿಂದ ದೂರ ಸರಿಯುವ ಭರದಲ್ಲಿ ವಿದ್ಯಾರ್ಥಿಗಳು ‘ಸಾಬೀತಾಯಿತು’ ಎಂದು ಬರೆದುಬಿಡುತ್ತಾರೆ. ನಕಲಿಗಿಂತ ಇದು ದೊಡ್ಡ ಕೆಡುಕು, ಏಕೆಂದರೆ ಲೇಖಕರು ಹೇಳದ ಮಾತನ್ನು ಅವರ ಬಾಯಿಗೆ ಹಾಕಿದಂತಾಗುತ್ತದೆ. ಹಾಗೆಯೇ ಕ್ಯಾಮೆರಾ ಟ್ರ್ಯಾಪ್, ಸಾಂದ್ರತೆಯಂಥ ಪಾರಿಭಾಷಿಕ ಪದಗಳಿಗೆ ಬಲವಂತದ ಪರ್ಯಾಯ ಹುಡುಕಬೇಕಿಲ್ಲ. ಅವು ಯಾರ ಸ್ವತ್ತೂ ಅಲ್ಲ. ಮಾತು ಪೂರ್ತಿ ತನ್ನದಾದರೂ ಲೇಖಕರ ಹೆಸರು, ವರ್ಷ, ಪತ್ರಿಕೆಯನ್ನು ನಮೂದಿಸುವುದು ಮಾತ್ರ ತಪ್ಪುವುದಿಲ್ಲ, ಏಕೆಂದರೆ ಎಣಿಕೆ ಮಾಡಿದವರು ಅವರು.

ಬರೆದ ಮೇಲೆ ಪರೀಕ್ಷಿಸುವುದು ಸುಲಭ. ಮೂಲವನ್ನೂ ಸಂಗ್ರಹವನ್ನೂ ಪಕ್ಕಪಕ್ಕ ಇಟ್ಟು, ಸಂಗ್ರಹದ ಪ್ರತಿ ವಾಕ್ಯಕ್ಕೂ ಮೂಲದಲ್ಲಿ ಅದೇ ಸರದಿಯಲ್ಲಿ ಒಂದು ಜೊತೆವಾಕ್ಯ ಸಿಗುತ್ತದೆಯೇ ನೋಡಬೇಕು. ಸತತ ಮೂರಕ್ಕೆ ಸಿಕ್ಕಿದರೆ ಆ ಭಾಗವನ್ನು ತಿದ್ದುತ್ತ ಕೂರದೆ, ಮತ್ತೆ ಓದಿ ಹೊಸದಾಗಿ ಬರೆಯುವುದೇ ವಾಸಿ.

ಶಿಕ್ಷಕರ ಪಾಲೂ ಇಲ್ಲಿದೆ. ಬಣ್ಣದ ರಕ್ಷಾಪುಟ, ಅಂಟಿಸಿದ ಹುಲಿಯ ಚಿತ್ರ, ಪುಟಗಳ ಸಂಖ್ಯೆ ನೋಡಿ ಅಂಕ ಕೊಡುವ ಕಡೆ ತೇಪೆ ಬರಹವೇ ಲಾಭದ್ದು. ಪ್ರಾಜೆಕ್ಟ್ ಒಪ್ಪಿಸಲು ಬಂದಾಗ ಎರಡು ನಿಮಿಷ ನಿಲ್ಲಿಸಿ, ಚದರ ಕಿಲೋಮೀಟರಿಗೆ 30 ಪ್ರಾಣಿಗಳಿರುವ ಕಾಡಿನ ನೂರು ಚದರ ಕಿಲೋಮೀಟರಿನಲ್ಲಿ ಎಷ್ಟು ಹುಲಿ ಇರಬಹುದು ಎಂದು ಕೇಳಿದರೆ ಸಾಕು. ಲೇಖನವನ್ನು ಓದಿಕೊಂಡ ವಿದ್ಯಾರ್ಥಿ ಸುಮಾರು ಆರು ಎನ್ನುತ್ತಾನೆ, ಹೇಗೆ ಎಂದೂ ವಿವರಿಸುತ್ತಾನೆ. ವಾಕ್ಯಗಳನ್ನಷ್ಟೇ ದಾಟಿಸಿದವನು ತನ್ನದೇ ಫೈಲಿನ ಪುಟ ತಿರುವುತ್ತಾನೆ.