ಒಂದೇ ಕತ್ತರಿಯ ತುಪ್ಪಟ
ನನ್ನಿವಾಳದ ಸುತ್ತಿನ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಕುರಿ ತುಪ್ಪಟ ಒರಟು. ಅದು ಕಂಬಳಿಗೇ ಸರಿ. ಒರಟು ತುಪ್ಪಟ ಕತ್ತರಿಸಲು ಇಷ್ಟೇಕೆ ನಾಜೂಕು ಎಂದು ಕೇಳುವವರಿದ್ದಾರೆ. ನನ್ನ ಮಟ್ಟಿಗೆ ನಾಜೂಕು ಬೇಕಾದದ್ದೇ ಇಲ್ಲಿ. ಕತ್ತರಿ ಚರ್ಮಕ್ಕೆ ಹತ್ತಿರ ಒಂದೇ ಸಲ ಹಾಯಬೇಕು. ಮೇಲೆ ಬಿಟ್ಟು ಮತ್ತೆ ಕತ್ತರಿಸಿದರೆ ಎಳೆ ತುಂಡಾಗುತ್ತದೆ, ನೂಲುವಾಗ ಉದುರುತ್ತದೆ. ಪಳಗಿದ ಕೈ ಕುರಿಯನ್ನು ಮಲಗಿಸಿ, ಸಡಿಲ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯುತ್ತದೆ. ತುಪ್ಪಟವನ್ನೇ ಜಗ್ಗಿದರೆ ಚರ್ಮ ಮೇಲೆದ್ದು ಗಾಯವಾಗುತ್ತದೆ, ಗಾಯಕ್ಕೆ ನೊಣ ಕೂತು ಹುಳ ಬೀಳುತ್ತದೆ.

ಕತ್ತರಿಸುವ ಮೊದಲು ಕುರಿ ತೊಳೆದರೆ ತುಪ್ಪಟದ ತೂಕ ಇಳಿಯುತ್ತದೆ, ನಷ್ಟವಲ್ಲವೇ ಎಂಬ ಆಕ್ಷೇಪ ಗಟ್ಟಿಯಾದದ್ದೇ. ಆದರೆ ಕೊಳ್ಳುವವನೂ ಲೆಕ್ಕ ಬಲ್ಲವನು: ತೊಳೆಯದ ಹಿಡಿ ತುಪ್ಪಟ ಬಿಡಿಸಿ ಒದರಿದರೆ ಮಣ್ಣು ಉದುರುತ್ತದೆ, ಅಷ್ಟನ್ನು ದರದಲ್ಲಿ ಮುರಿದುಕೊಳ್ಳುತ್ತಾನೆ, ಅನುಮಾನಕ್ಕೆಂದು ಇನ್ನಷ್ಟನ್ನೂ. ಹರಿವ ನೀರಲ್ಲಿ ಕುರಿ ಮೀಯಿಸಿ, ಬುಡದವರೆಗೆ ಒಣಗಿದ ಮೇಲೆ ಕತ್ತರಿಸುವುದು ಲೇಸು. ತೇವವಿರುವಾಗಲೇ ಮೂಟೆ ಕಟ್ಟಿದರೆ ಮುಗ್ಗಲು ಹಿಡಿಯುತ್ತದೆ. ಜಡಿಮಳೆ, ಕೊರೆವ ಚಳಿ ಕತ್ತರಿಯ ಕಾಲವಲ್ಲ. ಬೋಳಾದ ಮೈಗೆ ಶೀತ ತಗಲುತ್ತದೆ. ಕತ್ತರಿಸುವ ನೆಲಕ್ಕೆ ತಾಡಪಾಲು ಹಾಸಿ, ಬಾಲದ ಹತ್ತಿರದ ಹಿಕ್ಕೆ ಮೆತ್ತಿದ ತುಪ್ಪಟ, ಮುಳ್ಳುಕಾಯಿ ಸಿಕ್ಕಿದ್ದು, ಬಿಳಿ, ಕಪ್ಪು ಇವನ್ನೆಲ್ಲ ಬೇರೆ ಬೇರೆ ಗುಡ್ಡೆ ಹಾಕಬೇಕು. ಬಣ್ಣ ಹಾಕದೆ ನೇಯುವ ಕರಿ ಕಂಬಳಿಯಲ್ಲಿ ನಾಲ್ಕು ಬಿಳಿ ಎಳೆ ಸೇರಿದರೂ ಎದ್ದು ಕಾಣುತ್ತದೆ.