ಬಡ್ಡಿಯ ಎಷ್ಟು ಪಟ್ಟು ದುಡಿಮೆ?

ಬಡ್ಡಿ ರಕ್ಷಣಾ ಅನುಪಾತ, ಅಂದರೆ ಬ್ಯಾಂಕಿನವರ ಬಾಯಲ್ಲಿ ಇಂಟರೆಸ್ಟ್ ಕವರೇಜ್ ರೇಶಿಯೋ, ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತದೆ: ಸಂಸ್ಥೆಯೊಂದು ವರ್ಷಕ್ಕೆ ಕಟ್ಟಬೇಕಾದ ಬಡ್ಡಿಯ ಎಷ್ಟು ಪಟ್ಟನ್ನು ತನ್ನ ವ್ಯವಹಾರದಿಂದಲೇ ದುಡಿಯುತ್ತದೆ? ಬಡ್ಡಿ ಮತ್ತು ಆದಾಯ ತೆರಿಗೆ ಕಳೆಯುವ ಮುನ್ನದ ಲಾಭವನ್ನು ಆ ವರ್ಷದ ಬಡ್ಡಿಯಿಂದ ಭಾಗಿಸಿದರೆ ಅನುಪಾತ ಸಿಗುತ್ತದೆ. ಎರಡು ಬಂದರೆ ದುಡಿಮೆ ಅರ್ಧಕ್ಕೆ ಇಳಿದರೂ ಬಡ್ಡಿ ತೀರುತ್ತದೆ. ಒಂದಕ್ಕಿಂತ ಕಡಿಮೆ ಬಂದರೆ ಬಡ್ಡಿಯ ಒಂದು ಪಾಲು ಉಳಿತಾಯದಿಂದಲೋ ಹೊಸ ಸಾಲದಿಂದಲೋ ಬರಬೇಕು. ಲೆಕ್ಕ ಸುಲಭ, ಓದುವುದು ಅಷ್ಟು ಸುಲಭವಲ್ಲ. ಅದನ್ನು ವಿಜಯಪುರ ಜಿಲ್ಲೆಯ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನಲ್ಲಿ ನೋಡಿದಷ್ಟು ಸ್ಪಷ್ಟವಾಗಿ ಬೇರೆಡೆ ನೋಡುವುದು ಕಷ್ಟ.

ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿಯಲ್ಲಿ ದೊಡ್ಡ ಪಾಲು ಬೇಸಿಗೆಯ ಹೊತ್ತಿಗೆ ಶೆಡ್ಡುಗಳಲ್ಲಿ ಒಣಗಿ ಒಣದ್ರಾಕ್ಷಿಯಾಗುತ್ತದೆ. ಬಣ್ಣ ಕೆಡದಂತೆ, ದರ ಏರುವವರೆಗೆ ಕಾಯಲೆಂದು ರೈತರು ಅದನ್ನು ಬಾಕ್ಸುಗಳಲ್ಲಿ ತುಂಬಿ ಕೋಲ್ಡ್ ಸ್ಟೋರೇಜಿಗೆ ಹಾಕುತ್ತಾರೆ. ವಿಜಯಪುರದ ಎಪಿಎಂಸಿಯಲ್ಲೋ ಮಹಾರಾಷ್ಟ್ರದ ಸಾಂಗಲಿ, ತಾಸಗಾಂವ ಪೇಟೆಗಳಲ್ಲೋ ಮಾಲು ಹೋಗುವವರೆಗೆ ಅದು ಅಲ್ಲಿಯೇ ಇರುತ್ತದೆ. ಮಾಲು ರೈತನದು, ಬಾಡಿಗೆ ಮಾತ್ರ ಮಾಲೀಕನದು. ಆದ್ದರಿಂದ ಇಂಥ ಘಟಕದ ಆದಾಯವನ್ನು ದ್ರಾಕ್ಷಿಯ ದರಕ್ಕಿಂತ, ಕೊಠಡಿ ಎಷ್ಟು ತುಂಬಿತು ಎಂಬುದೇ ಹೆಚ್ಚು ನಿರ್ಧರಿಸುತ್ತದೆ. ಖರ್ಚು ಹಾಗಲ್ಲ. ಕೊಠಡಿ ಮುಕ್ಕಾಲು ತುಂಬಿದ್ದರೂ ಪೂರ್ತಿ ತುಂಬಿದ್ದರೂ ಕಂಪ್ರೆಸರ್ ಓಡಲೇಬೇಕು, ಹೆಸ್ಕಾಂ ಬಿಲ್ಲು ಬರಲೇಬೇಕು.

ಲೆಕ್ಕಕ್ಕಾಗಿ ತಿಕೋಟಾ ಸಮೀಪದ ಒಂದು ಘಟಕವನ್ನು ಕಲ್ಪಿಸಿಕೊಳ್ಳಬಹುದು. ಒಳ್ಳೆಯ ವರ್ಷದಲ್ಲಿ ಬಾಡಿಗೆ 4.20 ಕೋಟಿ ರೂಪಾಯಿ. ವಿದ್ಯುತ್ತು, ಕೂಲಿ, ದುರಸ್ತಿ, ವಿಮೆ ಸೇರಿ ಖರ್ಚು 2 ಕೋಟಿ. ಕಟ್ಟಡ, ಯಂತ್ರಗಳ ಸವಕಳಿ 60 ಲಕ್ಷ. ಉಳಿದದ್ದು 1.60 ಕೋಟಿ. ಸಾಲ 8 ಕೋಟಿ, ಬಡ್ಡಿ ದರ ಶೇ 10, ಹಾಗಾಗಿ ವರ್ಷದ ಬಡ್ಡಿ 80 ಲಕ್ಷ. ಅನುಪಾತ ಸರಿಯಾಗಿ 2.

ಮರುವರ್ಷ ದ್ರಾಕ್ಷಿ ಒಣಗುವ ಹೊತ್ತಿಗೆ ಅಕಾಲಿಕ ಮಳೆ ಬಿದ್ದು, ಮಾಲು ಕಡಿಮೆಯಾಗಿ ಬಾಡಿಗೆ ಶೇ 20ರಷ್ಟು ಕುಸಿಯಿತು ಎಂದಿಟ್ಟುಕೊಳ್ಳೋಣ. ಬಾಡಿಗೆ 3.36 ಕೋಟಿಗೆ ಇಳಿಯುತ್ತದೆ. ಖರ್ಚು ಇಳಿಯುವುದು ಹತ್ತು ಲಕ್ಷ ಮಾತ್ರ, 1.90 ಕೋಟಿಗೆ. ಸವಕಳಿ ಅಷ್ಟೇ. ಬಡ್ಡಿಗೆ ಮುನ್ನದ ಲಾಭ 86 ಲಕ್ಷಕ್ಕೆ ಬೀಳುತ್ತದೆ, ಅನುಪಾತ 1.08ಕ್ಕೆ. ಬಾಡಿಗೆಯ ಐದರಲ್ಲೊಂದು ಪಾಲು ಹೋದರೆ ಬಡ್ಡಿಯ ರಕ್ಷಣೆ ಹತ್ತಿರ ಹತ್ತಿರ ಅರ್ಧ ಹೋಯಿತು. ಸ್ಥಿರ ಖರ್ಚು ಹೆಚ್ಚಿರುವ ಯಾವ ಉದ್ಯಮದಲ್ಲೂ ಹೀಗೆಯೇ ಆಗುತ್ತದೆ. ಅದಕ್ಕೇ ಅನುಪಾತ 2 ಎಂಬ ಒಂದೇ ಅಂಕಿ ಸಾಲಗಾರನ ಬಗ್ಗೆ ಹೇಳುವುದು ಬಹಳ ಕಡಿಮೆ. ವ್ಯಾಪಾರಿಯೊಬ್ಬನ 2 ಮತ್ತು ಕೋಲ್ಡ್ ಸ್ಟೋರೇಜಿನ 2 ಒಂದೇ ಭದ್ರತೆಯಲ್ಲ. ಕನಿಷ್ಠ ಮೂರ್ನಾಲ್ಕು ವರ್ಷಗಳ ಅನುಪಾತವನ್ನು, ಅದರಲ್ಲೂ ಮಳೆ ಕಾಡಿದ ವರ್ಷದ್ದನ್ನು, ಪಕ್ಕದಲ್ಲಿಟ್ಟು ನೋಡಿದ ಮೇಲೆಯೇ ಸಾಲ ಕೊಡುವವರು ಅಭಿಪ್ರಾಯಕ್ಕೆ ಬರುವುದು ಸರಿ.

ಇನ್ನು ಭಾಗಾಕಾರದ ಕೆಳಗಿನ ಅಂಕಿ, ಬಡ್ಡಿ. ಅದೂ ನಿಂತಲ್ಲಿ ನಿಲ್ಲುವುದಿಲ್ಲ. ಸಣ್ಣ ಉದ್ಯಮಗಳಿಗೆ ವಾಣಿಜ್ಯ ಬ್ಯಾಂಕುಗಳು ಬದಲಾಗುವ ದರದಲ್ಲಿ ಕೊಡುವ ಹೊಸ ಸಾಲಗಳು 2019ರ ಅಕ್ಟೋಬರ್ 1ರಿಂದ ರೆಪೊದಂಥ ಬಾಹ್ಯ ಮಾನದಂಡಕ್ಕೆ ಕಟ್ಟಿಕೊಂಡಿವೆ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿವರೆಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 4ರಿಂದ 6.5ಕ್ಕೆ ಏರಿಸಿತು. ಮೇಲಿನ ಘಟಕದ ಸಾಲಕ್ಕೆ ಆ ಏರಿಕೆ ಪೂರ್ತಿ ತಟ್ಟಿದರೆ ಬಡ್ಡಿ 80 ಲಕ್ಷದಿಂದ 1 ಕೋಟಿಗೆ ಹೋಗುತ್ತದೆ. ಒಳ್ಳೆಯ ವರ್ಷದ ಅನುಪಾತವೂ 1.6ಕ್ಕೆ ಇಳಿಯುತ್ತದೆ, ಕೆಟ್ಟ ವರ್ಷದ್ದು 0.86ಕ್ಕೆ. ಘಟಕ ಒಂದು ರೂಪಾಯಿ ಹೊಸ ಸಾಲ ಮಾಡದೆಯೂ ಸಾಲದ ಭಾರ ಹೆಚ್ಚಾಯಿತು.

ಇದಕ್ಕೆ ತಿರುವು ಬರುವುದು ಸರ್ಕಾರದ ನೆರವಿನಿಂದ. 2020ರಲ್ಲಿ ಆರಂಭವಾದ ಕೃಷಿ ಮೂಲಸೌಕರ್ಯ ನಿಧಿಯಡಿ 2 ಕೋಟಿವರೆಗಿನ ಸಾಲಕ್ಕೆ ವರ್ಷಕ್ಕೆ ಶೇ 3ರ ಬಡ್ಡಿ ರಿಯಾಯಿತಿ ಉಂಟು, ಗರಿಷ್ಠ ಏಳು ವರ್ಷ. ಅಂದರೆ ವರ್ಷಕ್ಕೆ 6 ಲಕ್ಷದವರೆಗೆ ಬಡ್ಡಿ ಕಡಿಮೆ, ಶೇ 10ರ ದರದಲ್ಲಿ ಒಳ್ಳೆಯ ವರ್ಷದ ಅನುಪಾತ 2.16. ರಿಯಾಯಿತಿ ನಿಜವಾದ ಹಣವೇ. ಆದರೆ ಸಾಲ ಎಂಟು ವರ್ಷದ್ದಾದರೆ ಕೊನೆಯ ವರ್ಷ ಆ ನೆರವು ಇರುವುದಿಲ್ಲ. ಅದನ್ನು ಸೇರಿಸಿಯೂ ಬಿಟ್ಟೂ ಎರಡು ಲೆಕ್ಕ ಮಾಡುವುದು ಒಳ್ಳೆಯ ಪದ್ಧತಿ.

ಭಾಗಾಕಾರದ ಮೇಲಿನ ಅಂಕಿಯನ್ನು ಉಬ್ಬಿಸುವ ದಾರಿಗಳೂ ಇವೆ. ಕೆಟ್ಟ ವರ್ಷದಲ್ಲಿ ಅದೇ ಘಟಕದವರು ಅಥಣಿ ರಸ್ತೆಯ ಒಂದು ತುಂಡು ಜಾಗ ಮಾರಿ 40 ಲಕ್ಷ ಲಾಭ ಕಂಡು, ಅದನ್ನು ಇತರೆ ಆದಾಯ ಎಂದು ಲೆಕ್ಕಕ್ಕೆ ಸೇರಿಸಿದರೆ, ಶೇ 10ರ ಬಡ್ಡಿ ದರದಲ್ಲಿ 1.08 ಇದ್ದದ್ದು 1.58 ಆಗಿ ಕಾಣುತ್ತದೆ. ಆದರೆ ಆ ಜಾಗವನ್ನು ಮುಂದಿನ ವರ್ಷ ಮತ್ತೆ ಮಾರಲಾಗದು. ಇತರೆ ಆದಾಯದ ಸಾಲನ್ನು ಬಿಡಿಸಿ ನೋಡದ ಅನುಪಾತ ಸಾಲ ಕೊಡುವವರ ಕಣ್ಣಿಗೆ ಮಣ್ಣೆರಚುತ್ತದೆ. ಕಟ್ಟಡ ಏಳುತ್ತಿರುವಾಗಿನ ಬಡ್ಡಿಯದೂ ಇದೇ ಕಥೆ: ಅದು ಲಾಭ ನಷ್ಟದ ಪಟ್ಟಿಗೆ ಬಾರದೆ ಆಸ್ತಿಯ ಬೆಲೆಗೆ ಸೇರುತ್ತದೆ. ಹಳೆಯ ಘಟಕ ಎರಡನೇ ಕೊಠಡಿ ಕಟ್ಟುವಾಗ ಅನುಪಾತ ಚೆನ್ನಾಗಿಯೇ ಕಾಣುತ್ತದೆ. ಕೊಠಡಿ ತೆರೆದ ವರ್ಷ ಬಡ್ಡಿ ಪೂರ್ತಿ ಪಟ್ಟಿಗೆ ಬಂದು ಕುಳಿತುಕೊಳ್ಳುತ್ತದೆ.

ಎಲ್ಲಕ್ಕಿಂತ ದೊಡ್ಡ ಮಿತಿ, ಈ ಅನುಪಾತಕ್ಕೆ ಅಸಲಿನ ಕಂತು ಕಾಣುವುದೇ ಇಲ್ಲ. 8 ಕೋಟಿ ಸಾಲವನ್ನು ಎಂಟು ವರ್ಷದಲ್ಲಿ ತೀರಿಸಬೇಕಾದರೆ ವರ್ಷಕ್ಕೆ 1 ಕೋಟಿ ಅಸಲು. ಶೇ 10ರ ಬಡ್ಡಿಯ ಮೊದಲ ವರ್ಷ ಒಟ್ಟು ಕಟ್ಟಬೇಕಾದದ್ದು 1.80 ಕೋಟಿ. ಸವಕಳಿ ಕೈಯಿಂದ ಹೊರಹೋಗುವ ಹಣವಲ್ಲವಾದ್ದರಿಂದ ಅದನ್ನು ಮರಳಿ ಸೇರಿಸಿದರೆ ಒಳ್ಳೆಯ ವರ್ಷದಲ್ಲಿ ಕೈಗೆ ಬರುವುದು 2.20 ಕೋಟಿ. ಅದರಲ್ಲಿ ತೆರಿಗೆ 20 ಲಕ್ಷ ಎಂದಿಟ್ಟುಕೊಂಡರೆ 2 ಕೋಟಿ, ಅಂದರೆ ಕಂತಿನ 1.11 ಪಟ್ಟು ಮಾತ್ರ. ಕೆಟ್ಟ ವರ್ಷದಲ್ಲಿ ಕೈಗೆ ಬರುವುದು 1.46 ಕೋಟಿ, ಬಡ್ಡಿ ತೀರುತ್ತದೆ, ಅಸಲಿಗೆ 34 ಲಕ್ಷ ಸಾಲದು. ಬಡ್ಡಿಯ ಎರಡು ಪಟ್ಟು ದುಡಿಯುವ ಘಟಕ ಒಂದೇ ಮಳೆಯಲ್ಲಿ ಕಂತು ತಪ್ಪಿಸಬಹುದು. ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕರ್ ಕೆ.ವಿ. ಕಾಮತ್ ಅಧ್ಯಕ್ಷತೆಯ ಸಮಿತಿ ಕೋವಿಡ್ ಕಾಲದ ಸಾಲ ಪುನರ್‌ರಚನೆಗೆ ಐದು ಅನುಪಾತಗಳನ್ನು ಆರಿಸಿತ್ತು. ರಿಸರ್ವ್ ಬ್ಯಾಂಕ್ 2020ರ ಸೆಪ್ಟೆಂಬರ್ 7ರಂದು 26 ಉದ್ಯಮ ವಲಯಗಳಿಗೆ ಅವುಗಳ ಮಿತಿಗಳನ್ನು ಪ್ರಕಟಿಸಿತು. ಆ ಐದರಲ್ಲಿ ಎರಡು ಬಡ್ಡಿ, ಅಸಲು ಎರಡನ್ನೂ ಅಳೆಯುವಂಥವು. ಬಡ್ಡಿ ರಕ್ಷಣಾ ಅನುಪಾತ ಆ ಪಟ್ಟಿಯಲ್ಲಿ ಇರಲಿಲ್ಲ.

ಕೊನೆಗೆ ಹಣ ಕೈಸೇರುವ ಕಾಲ. ಬಾಡಿಗೆ ಸಾಮಾನ್ಯವಾಗಿ ರೈತ ಮಾಲು ಎತ್ತುವಾಗ ಕೈಸೇರುತ್ತದೆ. ಬ್ಯಾಂಕ್ ಬಡ್ಡಿ ಹಾಕುವುದು ತಿಂಗಳಿಗೊಮ್ಮೆ. ದರ ಏರಲೆಂದು ರೈತರು ಮಾಲು ಹಿಡಿದಿಟ್ಟ ವರ್ಷ ಪುಸ್ತಕದಲ್ಲಿ ಬಾಡಿಗೆ ಜಮೆಯಾಗಿರುತ್ತದೆ, ಖಾತೆಯಲ್ಲಿ ಇರುವುದಿಲ್ಲ. ಬಾಕಿ 90 ದಿನ ಮೀರಿದರೆ ಖಾತೆ ಎನ್‌ಪಿಎ ಆಗುತ್ತದೆ, ವರ್ಷದ ಅನುಪಾತ ಎಷ್ಟೇ ಇರಲಿ. ಆದ್ದರಿಂದ ಅನುಭವಿ ಬ್ಯಾಂಕ್ ಅಧಿಕಾರಿ ಲೆಕ್ಕಪತ್ರದ ಜೊತೆಗೆ ಓವರ್‌ಡ್ರಾಫ್ಟ್ ಖಾತೆ ಸದಾ ಮಿತಿಯ ಅಂಚಿನಲ್ಲಿದೆಯೇ, ಹೆಸ್ಕಾಂ ಬಿಲ್ಲು ಬಾಕಿ ಬಿದ್ದಿದೆಯೇ, ಕಂಪ್ರೆಸರ್ ದುರಸ್ತಿ ಮುಂದಕ್ಕೆ ಹೋಗುತ್ತಿದೆಯೇ ಎಂಬುದನ್ನೂ ನೋಡುತ್ತಾರೆ. ದುರಸ್ತಿ ಮುಂದೂಡಿದ ವರ್ಷ ಖರ್ಚು ಇಳಿದು ಅನುಪಾತ ಏರುತ್ತದೆ. ಅಂಥ ಏರಿಕೆಯ ಹಿಂದೆ ಇರುವುದು ಹೆಚ್ಚಿದ ದುಡಿಮೆಯಲ್ಲ, ಮುಂದಿನ ಬೇಸಿಗೆಗೆ ಉಳಿಸಿಟ್ಟ ಖರ್ಚು.