ಮಗನಿದ್ದಾನೆ ಅಂತ ಗೊತ್ತಾಗಿದ್ದು ಹೇಗೆ?

ಇಂಟರ್‌ವ್ಯೂಗಳಲ್ಲಿ, ಟೀ ಬ್ರೇಕ್‌ಗಳಲ್ಲಿ ಇವತ್ತಿಗೂ ಓಡಾಡುವ ಒಂದು ಹಳೇ ಲೆಕ್ಕ ಇದೆ. ಸ್ಮಿತ್ ಅನ್ನೋರಿಗೆ ಇಬ್ಬರು ಮಕ್ಕಳು, ಅವರಲ್ಲಿ ಒಬ್ಬನಾದರೂ ಗಂಡು. ಇಬ್ಬರೂ ಗಂಡಾಗಿರುವ ಸಂಭವನೀಯತೆ ಎಷ್ಟು? ನೀವು ಅರ್ಧ ಅಂದರೆ, ಕೇಳಿದವರು ಕನಿಕರದಿಂದ ನಕ್ಕು "ಅಲ್ಲ, ಮೂರರಲ್ಲಿ ಒಂದು" ಅಂತ ತಿದ್ದುತ್ತಾರೆ. ಕೆಲಸ ಸಿಗೋದು ಬಿಡೋದು ಇದರ ಮೇಲೆ ನಿಂತಿದ್ದರೆ ಅದು ಅನ್ಯಾಯ. ಯಾಕಂದ್ರೆ ತಪ್ಪಿರೋದು ಪ್ರಶ್ನೆಯಲ್ಲೇ.

ಇದನ್ನು ಪ್ರಸಿದ್ಧಿ ಮಾಡಿದವರು ಮಾರ್ಟಿನ್ ಗಾರ್ಡ್ನರ್, 1959ರಲ್ಲಿ, ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತಮ್ಮ ಅಂಕಣದಲ್ಲಿ. ಜೊತೆಗೆ ಜೋನ್ಸ್ ಎಂಬುವರ ಲೆಕ್ಕವನ್ನೂ ಕೊಟ್ಟಿದ್ದರು: ದೊಡ್ಡದು ಹೆಣ್ಣು, ಇಬ್ಬರೂ ಹೆಣ್ಣಾಗಿರೋ ಸಾಧ್ಯತೆ ಎಷ್ಟು? ಅದಕ್ಕೆ ಅರ್ಧ, ತಕರಾರಿಲ್ಲ. ಸ್ಮಿತ್ ಲೆಕ್ಕಕ್ಕೆ ಮಾತ್ರ ಮೂರರಲ್ಲಿ ಒಂದು ಅಂದರು. ಆದರೆ ಆ ವರ್ಷವೇ, ಮಾಹಿತಿ ಹೇಗೆ ಸಿಕ್ಕಿತು ಅಂತ ಹೇಳದೆ ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ ಅಂತ ಅವರೇ ಬರೆದರು. ಒಗಟು ಊರೆಲ್ಲಾ ಸುತ್ತಿತು, ಈ ತಿದ್ದುಪಡಿ ಮಾತ್ರ ಅದರ ಹಿಂದೆ ಹೋಗಲಿಲ್ಲ.

ಸಂಭವನೀಯತೆ ಬಿಟ್ಟು ಮನೆಗಳನ್ನೇ ಎಣಿಸೋಣ. ಎರಡು ಮಕ್ಕಳಿರುವ 400 ಮನೆ ಅಂದುಕೊಳ್ಳಿ. ಗಂಡು-ಹೆಣ್ಣು ಸಮಪಾಲು ಅಂತಿಟ್ಟುಕೊಂಡರೆ, 100 ಮನೆಯಲ್ಲಿ ಇಬ್ಬರೂ ಗಂಡು, 100ರಲ್ಲಿ ಇಬ್ಬರೂ ಹೆಣ್ಣು, ಉಳಿದ 200ರಲ್ಲಿ ಒಂದು ಗಂಡು ಒಂದು ಹೆಣ್ಣು. ಗಣತಿಯವರು ಬಾಗಿಲಿಗೆ ಬಂದು "ಗಂಡು ಮಗು ಇದೆಯಾ?" ಅಂತ ಕೇಳಿದರೆ 300 ಮನೆಯವರು ಹೌದು ಅಂತಾರೆ. ಅದರಲ್ಲಿ 100 ಮನೆ ಗಂಡು-ಗಂಡು. ಮೂರರಲ್ಲಿ ಒಂದು, ಸರಿ.

ಈಗ ಯಾರೂ ಏನೂ ಕೇಳಿಲ್ಲ ಅಂದುಕೊಳ್ಳಿ. ಜಾತ್ರೆಗೆ ಪ್ರತಿ ಮನೆಯ ಅಪ್ಪನೂ ಇಬ್ಬರಲ್ಲಿ ಒಂದು ಮಗುವನ್ನು ಚೀಟಿ ಎತ್ತಿ ಕರೆದುಕೊಂಡು ಬಂದಿದ್ದಾನೆ. ಹೆಗಲ ಮೇಲೆ ಗಂಡು ಮಗು ಕಂಡಿತು. ಗಂಡು-ಗಂಡು ಮನೆಗಳ 100 ಅಪ್ಪಂದಿರ ಹೆಗಲ ಮೇಲೂ ಹುಡುಗನೇ. ಮಿಶ್ರ ಮನೆಗಳ 200ರಲ್ಲಿ ಹುಡುಗ ಕಾಣೋದು ಅರ್ಧದಷ್ಟರಲ್ಲಿ, ಅಂದರೆ 100. ಒಟ್ಟು 200ಕ್ಕೆ 100, ಉತ್ತರ ಅರ್ಧ. ಎರಡೂ ಸಲ ನಮಗೆ ಗೊತ್ತಾಗಿದ್ದು "ಒಬ್ಬನಾದರೂ ಗಂಡು" ಅನ್ನೋದೇ, ಉತ್ತರ ಮಾತ್ರ ಬೇರೆ.

ಮಾಮೂಲಿ ವಿವರಣೆ ಎಡವೋದು ಇಲ್ಲೇ ನೋಡಿ. ನಾಲ್ಕು ಸಾಧ್ಯತೆ ಬರೆದು, ಹೆಣ್ಣು-ಹೆಣ್ಣು ಹೊಡೆದುಹಾಕಿ, ಉಳಿದ ಮೂರಕ್ಕೂ ಸಮ ತೂಕ ಅಂದುಬಿಡ್ತಾರೆ. ಆ ಮೂರೂ ಬಗೆಯ ಮನೆಗಳಿಂದ ಅದೇ ಮಾತು ಅಷ್ಟೇ ಖಚಿತವಾಗಿ ಬರುವಂತಿದ್ದರೆ ಮಾತ್ರ ಅದು ಸರಿ. ಮಿಶ್ರ ಮನೆಯವರು ಗಂಡನ್ನು ಹೇಳುವ ಸಾಧ್ಯತೆ `p` ಆದರೆ, ಉತ್ತರ `1/(1+2p)`. ಗಂಡಿದ್ದರೆ ಗಂಡನ್ನೇ ಹೇಳುವವರಾದರೆ `p = 1`, ಉತ್ತರ ಮೂರರಲ್ಲಿ ಒಂದು. ಹೆಣ್ಣಿದ್ದರೆ ಮೊದಲು ಮಗಳ ಹೆಸರೇ ಬರೋ ಮನೆಗಳಾದರೆ `p = 0`. ಅಂಥವರ ಬಾಯಲ್ಲಿ ಮಗನ ಮಾತು ಬಂತು ಅಂದರೆ ಇಬ್ಬರೂ ಗಂಡೇ, ಉತ್ತರ ಪೂರ್ತಿ ಒಂದು!

ಕನ್ನಡಕ್ಕೆ ತರುವಾಗ ಇನ್ನೊಂದು ತೊಡಕಿದೆ. "ನಂಗೆ ಇಬ್ಬರು ಮಕ್ಕಳು, ಒಂದು ಗಂಡು" ಅಂತ ಯಾರಾದರೂ ಅಂದರೆ, "ಇನ್ನೊಂದು ಹೆಣ್ಣಾ" ಅಂತ ಕೇಳೋದೂ ಇಲ್ಲ, ಹಾಗಂತಲೇ ತಿಳ್ಕೋತೀವಿ. ಆ ಲೆಕ್ಕದಲ್ಲಿ ಉತ್ತರ ಸೊನ್ನೆ. "ಆದರೂ" ಅನ್ನೋ ಒಂದು ಪ್ರತ್ಯಯ ಬಿಟ್ಟರೆ ಒಗಟೇ ಸತ್ತುಹೋಗುತ್ತೆ.

2010ರಲ್ಲಿ ಗಾರ್ಡ್ನರ್ ಅಭಿಮಾನಿಗಳ ಸಮಾವೇಶದಲ್ಲಿ ಗ್ಯಾರಿ ಫೋಶೀ ಇದಕ್ಕೆ ಇನ್ನೊಂದು ಎಳೆ ಸೇರಿಸಿದರು: ಒಬ್ಬ ಮಂಗಳವಾರ ಹುಟ್ಟಿದ ಗಂಡು. ಉತ್ತರ 13/27 ಅಂದರು. ಲಿಂಗ ಮತ್ತು ವಾರ ಸೇರಿಸಿದರೆ ಒಂದು ಮಗುವಿಗೆ 14 ಬಗೆ, ಇಬ್ಬರಿಗೆ 196. ಅದರಲ್ಲಿ ಮಂಗಳವಾರದ ಹುಡುಗ ಇರೋದು 27ರಲ್ಲಿ, ಆ 27ರಲ್ಲಿ 13 ಗಂಡು-ಗಂಡು. ಎಣಿಕೆಯಲ್ಲಿ ದೋಷವಿಲ್ಲ. ಆದರೆ ಅದು "ಮಂಗಳವಾರ ಹುಟ್ಟಿದ ಮಗ ಇದ್ದಾನಾ?" ಅಂತ ಕೇಳಿ ಹೌದು ಅನ್ನಿಸಿಕೊಂಡವರ ಉತ್ತರ. ಒಬ್ಬ ಅಪ್ಪ ತಾನಾಗೇ ಯಾವುದೋ ಒಂದು ಮಗುವನ್ನು ನೆನೆದು, ಗಂಡೋ ಹೆಣ್ಣೋ, ಯಾವ ವಾರವೋ ಹೇಳಿದ್ದಾದರೆ, ಬುಧವಾರದ ಅಪ್ಪ ಬುಧವಾರ ಅಂತಿದ್ದ, ಅಷ್ಟೇ. ಉತ್ತರ ಮತ್ತೆ ಅರ್ಧಕ್ಕೆ ಬಂದು ನಿಲ್ಲುತ್ತೆ. ಚಂದದ ಸಂಖ್ಯೆ ತೋರಿಸೋ ಹುಮ್ಮಸ್ಸಲ್ಲಿ ಹಳೇ ದೋಷವನ್ನೇ ದೊಡ್ಡದು ಮಾಡಿದ ಒಗಟು ಇದು ಅಂತ ನನ್ನ ಅನಿಸಿಕೆ.

ಈ ಲೆಕ್ಕವನ್ನು ಕೇಳಲೇಬೇಕು ಅನ್ನೋ ಇಂಟರ್‌ವ್ಯೂ ಮಾಡೋರು ಹೀಗೆ ಕೇಳಬಹುದು: "ಎರಡು ಮಕ್ಕಳಿರುವ ಮನೆಗಳ ಪಟ್ಟಿಯಿಂದ, ಒಂದಾದರೂ ಗಂಡು ಮಗುವಿರುವ ಮನೆಗಳನ್ನೆಲ್ಲಾ ಬೇರೆ ಮಾಡಿ, ಅದರಿಂದ ಒಂದು ಮನೆಯನ್ನು ಚೀಟಿ ಎತ್ತಿದ್ದೇವೆ." ಇದಕ್ಕೂ ಯಾರಾದರೂ ಅರ್ಧ ಅಂದರೆ, ಆಗ ಧಾರಾಳವಾಗಿ ತಿದ್ದಲಿ.